ಮೊಟ್ಟೆಯ ಹಳದಿಯ ಲೆಮನ್ ಕರ್ಡ್: ಹುಳಿ, ಸಕ್ಕರೆ ಮತ್ತು ಹದವಾದ ಶಾಖ

ಪ್ರಶ್ನೆ: ನಾನು ಮೂಡಿಗೆರೆ ಕಡೆಯವಳು, ಮನೆಯಲ್ಲೇ ಕೇಕ್ ಮಾಡಿ ಕೊಡುತ್ತೇನೆ. ನಾಲ್ಕು ಮೊಟ್ಟೆಯ ಹಳದಿಗೆ ಅರ್ಧ ಕಪ್ ನಿಂಬೆರಸ ಹಾಕಿ ಲೆಮನ್ ಕರ್ಡ್ ಮಾಡಿದೆ. ಸಿಹಿ ಜಾಸ್ತಿಯಾಗಬಾರದೆಂದು ಸಕ್ಕರೆ ಕಾಲು ಕಪ್ ಮಾತ್ರ ಹಾಕಿದ್ದೆ. ಮೊದಲ ಸಲ ಗ್ಯಾಸಿನ ಮೇಲೆ ನೇರವಾಗಿ ಇಟ್ಟೆ, ಮೊಟ್ಟೆ ಬುರ್ಜಿಯ ಹಾಗೆ ಒಡೆಯಿತು. ಎರಡನೇ ಸಲ ಹಬೆಯ ಮೇಲಿಟ್ಟು ಬೇಗ ಇಳಿಸಿದೆ, ಗಟ್ಟಿಯಾಗಲೇ ಇಲ್ಲ, ಸಾರಿನ ಹಾಗೆ ಉಳಿಯಿತು. ಎರಡು ಸಲವೂ ಬಾಯಲ್ಲಿ ಏನೋ ಲೋಹದ ರುಚಿ. ಪಾತ್ರೆ ಅಲ್ಯೂಮಿನಿಯಂದು. ತಪ್ಪಿದ್ದೆಲ್ಲಿ?

ಉತ್ತರ: ಮೊದಲ ಸಲ ಒಡೆದದ್ದಕ್ಕೆ ಉರಿಯೂ, ಎರಡನೇ ಸಲ ನೀರಾಗಿ ಉಳಿದದ್ದಕ್ಕೆ ಬೇಗ ಇಳಿಸಿದ್ದೂ ಕಾರಣವೆಂದು ತಮಗೇ ಅನ್ನಿಸಿರಬಹುದು. ಅದು ಸರಿಯೇ, ಆದರೆ ಅದಕ್ಕಿಂತ ಮೊದಲೇ, ಪಾತ್ರೆ ಒಲೆ ಏರುವ ಮುನ್ನವೇ, ತಮ್ಮ ಅಳತೆ ಎರಡೂ ಸಲ ಕೈಕೊಟ್ಟಿತ್ತು. ರಸ ಹೆಚ್ಚಾಗಿ ಸಕ್ಕರೆ ಕಡಿಮೆಯಾದರೆ ಕರ್ಡ್ ಗಟ್ಟಿಯಾಗುವ ಬಿಸಿಗೂ ಒಡೆಯುವ ಬಿಸಿಗೂ ನಡುವಿನ ಅಂತರವೇ ಕಿರಿದಾಗಿಬಿಡುತ್ತದೆ. ಆ ಕಿರಿದಾದ ಜಾಗದಲ್ಲಿ ಎಷ್ಟು ಎಚ್ಚರದಿಂದ ಕೈಯಾಡಿಸಿದರೂ ಹದ ಸಿಗುವುದು ಕಷ್ಟ.

ಮೊಟ್ಟೆಯ ಹಳದಿಯಲ್ಲಿ ಸುಮಾರು ಅರ್ಧದಷ್ಟು ನೀರು, ಮೂರರಲ್ಲಿ ಒಂದು ಪಾಲಿನಷ್ಟು ಕೊಬ್ಬು, ಶೇಕಡಾ 16ರಷ್ಟು ಪ್ರೋಟೀನು ಇರುತ್ತವೆ. ಕರ್ಡನ್ನು ಗಟ್ಟಿಮಾಡುವುದು ಈ ಪ್ರೋಟೀನು. ಹಸಿ ಮೊಟ್ಟೆಯಲ್ಲಿ ಪ್ರೋಟೀನಿನ ಎಳೆಗಳು ಮಡಚಿಕೊಂಡು ಒಂದರಿಂದ ಒಂದು ಬೇರೆಯಾಗಿರುತ್ತವೆ. ಬಿಸಿ ತಾಗಿದಂತೆ ಅವು ಬಿಚ್ಚಿಕೊಂಡು ಪರಸ್ಪರ ಹೆಣೆದುಕೊಳ್ಳುತ್ತವೆ, ಸುತ್ತಲಿನ ನೀರನ್ನು ಆ ಹೆಣಿಗೆಯೊಳಗೆ ಹಿಡಿದಿಡುತ್ತವೆ. ಕರ್ಡ್ ದಪ್ಪವಾಗುವುದೆಂದರೆ ಇದೇ. ಬಿಸಿ ಇನ್ನೂ ಏರುತ್ತಲೇ ಹೋದರೆ ಹೆಣಿಗೆ ಬಿಗಿಯುತ್ತ ಹೋಗಿ, ಹಿಡಿದಿಟ್ಟುಕೊಂಡಿದ್ದ ನೀರನ್ನೇ ಹಿಂಡಿ ಹೊರಹಾಕುತ್ತದೆ. ಆಗ ಒಂದು ಕಡೆ ಗಂಟು, ಇನ್ನೊಂದು ಕಡೆ ನೀರು. ತಾವು ಬುರ್ಜಿಯೆಂದದ್ದು ಈ ಸ್ಥಿತಿಯನ್ನು. ಏನೂ ಬೆರೆಸದ ಹಳದಿ ಮಾತ್ರವಾದರೆ 65 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ದಪ್ಪಗಾಗತೊಡಗಿ 70ರ ಆಸುಪಾಸಿನಲ್ಲಿ ಗಟ್ಟಿಯಾಗಿಬಿಡುತ್ತದೆ. ಐದೇ ಡಿಗ್ರಿಯ ಈ ಅಂತರವನ್ನು ಹಿಗ್ಗಿಸಿಕೊಡುವುದು ಸಕ್ಕರೆ ಮತ್ತು ಹುಳಿಯ ಕೆಲಸ.

ಸಕ್ಕರೆಯನ್ನು ಮೊದಲು ನೋಡೋಣ, ಏಕೆಂದರೆ ತಾವು ಕೈಹಿಡಿದದ್ದು ಅದರಲ್ಲೇ. ಸಕ್ಕರೆ ಕರಗಿದಾಗ ಅದರ ಅಣುಗಳು ಅಪಾರ ಸಂಖ್ಯೆಯಲ್ಲಿ ಪ್ರೋಟೀನಿನ ಪ್ರತಿಯೊಂದು ಎಳೆಯ ಸುತ್ತಲೂ ತುಂಬಿಕೊಳ್ಳುತ್ತವೆ. ಎಳೆಗಳು ಬಿಚ್ಚಿಕೊಳ್ಳಲು ಹೆಚ್ಚಿನ ಬಿಸಿ ಬೇಕಾಗುತ್ತದೆ, ಬಿಚ್ಚಿದ ಮೇಲೂ ಒಂದನ್ನೊಂದು ಹುಡುಕಿ ಹೆಣೆದುಕೊಳ್ಳಲು ತಡವಾಗುತ್ತದೆ. ಜೊತೆಗೆ ಸಕ್ಕರೆ ನೀರನ್ನು ತನ್ನ ಕಡೆ ಹಿಡಿದುಕೊಂಡು ಪಾಕದ ಹಾಗೆ ಮಂದವಾಗಿಸುವುದರಿಂದ, ತಣ್ಣಗಾದ ಕರ್ಡ್ ಚಮಚದಿಂದ ಜಾರದೆ ನಿಲ್ಲುವುದರಲ್ಲೂ ಅದರ ಪಾಲಿದೆ. ಸಿಹಿಯನ್ನಷ್ಟೇ ಲೆಕ್ಕಹಾಕಿ ಸಕ್ಕರೆಯನ್ನು ಅರ್ಧಕ್ಕೆ ಇಳಿಸಿದರೆ ಈ ಎರಡು ಕೆಲಸವೂ ಅರ್ಧಕ್ಕಿಳಿಯುತ್ತವೆ.

ತಮ್ಮ ಅಳತೆಯನ್ನೇ ತೂಕಕ್ಕೆ ತಿರುಗಿಸಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ನಮ್ಮಲ್ಲಿ ಸಿಗುವ ಸಾಧಾರಣ ಗಾತ್ರದ ನಾಲ್ಕು ಮೊಟ್ಟೆಯ ಹಳದಿ ಸುಮಾರು 65 ಗ್ರಾಂ. ಅದಕ್ಕೆ ತಾವು ಹಾಕಿದ ಸಕ್ಕರೆ 50 ಗ್ರಾಂ, ರಸ 120 ಮಿಲಿ. ಬೆಣ್ಣೆಯನ್ನು ಬಿಟ್ಟು ಉಳಿದ ಮಿಶ್ರಣದಲ್ಲಿ ಸಕ್ಕರೆಯ ಪಾಲು ಶೇಕಡಾ 21 ಮಾತ್ರ. ನಾನು ಇದೇ ನಾಲ್ಕು ಹಳದಿಗೆ 120 ಗ್ರಾಂ ಸಕ್ಕರೆ, 75 ಮಿಲಿ ರಸ, 75 ಗ್ರಾಂ ಉಪ್ಪಿಲ್ಲದ ಬೆಣ್ಣೆ ಹಾಕುತ್ತೇನೆ. ಇಲ್ಲಿ ಸಕ್ಕರೆಯ ಪಾಲು ಶೇಕಡಾ 46. ನಿಂಬೆರಸವೆಂದರೆ ಬಹುಪಾಲು ನೀರೇ ಆದ್ದರಿಂದ, ತಮ್ಮ ಪಾತ್ರೆಯಲ್ಲಿ ಅದೇ ನಾಲ್ಕು ಹಳದಿಯ ಪ್ರೋಟೀನು ನನ್ನದಕ್ಕಿಂತ ಸುಮಾರು ಒಂದೂವರೆ ಪಟ್ಟು ನೀರನ್ನು ಹಿಡಿದಿಡಬೇಕಾಯಿತು, ಅದೂ ಸಕ್ಕರೆಯ ನೆರವು ಹೆಚ್ಚೇನೂ ಇಲ್ಲದೆ. ಸಿಹಿ ತಗ್ಗಲೇಬೇಕೆಂದಿದ್ದರೆ 100 ಗ್ರಾಂವರೆಗೆ ಇಳಿಸಬಹುದು, ಅದಕ್ಕಿಂತ ಕೆಳಗೆ ಇಳಿಸಬೇಡಿ. ಹುಳಿ ಮುಂದಾಗಿ ಕಾಣಬೇಕೆಂದರೆ ರಸವನ್ನು ಹೆಚ್ಚಿಸುವುದಕ್ಕಿಂತ ಸಿಪ್ಪೆಯ ತುರಿಯನ್ನು ಹೆಚ್ಚಿಸುವುದು ಒಳ್ಳೆಯದು. ನಿಂಬೆಯ ಪರಿಮಳ ಇರುವುದು ಸಿಪ್ಪೆಯ ಎಣ್ಣೆಯಲ್ಲಿ, ಅದು ನೀರನ್ನು ಹೆಚ್ಚಿಸುವುದಿಲ್ಲ.

ಇನ್ನು ಹುಳಿಯ ವಿಚಾರ. ನಿಂಬೆಹಣ್ಣು ಹಿಂಡಿದರೆ ಕಾದ ಹಾಲು ಒಡೆಯುತ್ತದೆ, ಹಾಗಿರುವಾಗ ಮೊಟ್ಟೆಗೆ ಇಷ್ಟೊಂದು ರಸ ಹಾಕಿದರೂ ನುಣ್ಣಗೆ ಉಳಿಯುವುದು ಹೇಗೆ ಎಂದು ಅನೇಕರು ಕೇಳುತ್ತಾರೆ. ಪ್ರೋಟೀನಿನ ಎಳೆಗಳ ಮೇಲೆ ವಿದ್ಯುದಂಶ ಇರುತ್ತದೆ. ಒಂದೇ ಬಗೆಯ ವಿದ್ಯುದಂಶವಿರುವ ಎಳೆಗಳು ಒಂದನ್ನೊಂದು ದೂರ ತಳ್ಳುತ್ತವೆ. ಹಾಲಿಗೆ ಹುಳಿ ಬೆರೆತು ಅದರ ಪಿಎಚ್ 4.6ರ ಸಮೀಪಕ್ಕೆ ಬಂದಾಗ ಹಾಲಿನ ಮುಖ್ಯ ಪ್ರೋಟೀನಾದ ಕೇಸೀನಿನ ಮೇಲಿನ ಈ ತಳ್ಳಾಟ ಇಲ್ಲವಾಗುತ್ತದೆ, ಆದ್ದರಿಂದ ಅದು ಒಟ್ಟಾಗಿ ಗಡ್ಡೆಕಟ್ಟುತ್ತದೆ. ಲೆಮನ್ ಕರ್ಡಿನಲ್ಲಿ ರಸದ ಪಾಲು ಎಷ್ಟು ಹೆಚ್ಚೆಂದರೆ ಮಿಶ್ರಣ ಆ ಹಂತವನ್ನು ದಾಟಿ ಇನ್ನಷ್ಟು ಹುಳಿಯಾಗಿಬಿಡುತ್ತದೆ. ಆಗ ಎಳೆಗಳೆಲ್ಲ ಈ ಸಲ ಧನ ವಿದ್ಯುದಂಶವನ್ನು ಹೊತ್ತು ಮತ್ತೆ ಪರಸ್ಪರ ತಳ್ಳತೊಡಗುತ್ತವೆ. ಹೀಗಾಗಿ ಹುಳಿ ಎರಡು ಕೆಲಸ ಮಾಡುತ್ತದೆ: ಎಳೆಗಳು ಸ್ವಲ್ಪ ಕಡಿಮೆ ಬಿಸಿಯಲ್ಲೇ ಬಿಚ್ಚಿಕೊಳ್ಳುವಂತೆ ಮಾಡುತ್ತದೆ, ಬಿಚ್ಚಿಕೊಂಡವು ತೀರ ಹತ್ತಿರ ಬಂದು ಬಿಗಿಯದಂತೆಯೂ ತಡೆಯುತ್ತದೆ. ಹೆಣಿಗೆ ಸಡಿಲವಾಗಿ ಉಳಿಯುತ್ತದೆ, ನಾಲಿಗೆಗೆ ಮೃದುವಾಗಿ ಹತ್ತುತ್ತದೆ. ರಸ ಕಡಿಮೆಮಾಡಿ ಆ ಜಾಗಕ್ಕೆ ನೀರು ಸುರಿದವರ ಕರ್ಡ್ ಬೇಗ ಒಡೆಯುವುದು ಇದೇ ಕಾರಣಕ್ಕೆ.

ಯಾವ ನಿಂಬೆ ಎಂಬುದೂ ಮುಖ್ಯ. ಸಂತೆಯಲ್ಲಿ ಸಿಗುವ ತೆಳು ಸಿಪ್ಪೆಯ ಸಣ್ಣ ನಿಂಬೆ ಒಳ್ಳೆಯ ಹುಳಿ ಕೊಡುತ್ತದೆ, ಕರ್ಡಿಗೆ ಚೆನ್ನಾಗಿ ಹೊಂದುತ್ತದೆ. ಆದರೆ ಅದರ ಸಿಪ್ಪೆಯನ್ನು ಬಹಳ ಹಗುರವಾಗಿ ತುರಿಯಬೇಕು, ಒಂದೆರಡು ಸಲ ಒತ್ತಿ ಎಳೆದರೆ ಕೆಳಗಿನ ಬಿಳಿ ಪದರ ಬಂದು ಕಹಿಯಾಗುತ್ತದೆ. ನಮ್ಮ ಮಲೆನಾಡಿನ ಹಿತ್ತಿಲುಗಳಲ್ಲಿ ಬೆಳೆಯುವ ಗಜನಿಂಬೆಯ ದಪ್ಪ ಸಿಪ್ಪೆಯ ಪರಿಮಳ ಇದಕ್ಕೆ ಬಹಳ ಒಪ್ಪುತ್ತದೆ, ರಸ ಸಣ್ಣ ನಿಂಬೆಯದು, ತುರಿ ಗಜನಿಂಬೆಯದು ಎಂದಿಟ್ಟುಕೊಂಡರೆ ನನ್ನ ಅಭಿಪ್ರಾಯದಲ್ಲಿ ಅದೇ ಉತ್ತಮ ಜೋಡಿ. ಕಿತ್ತಳೆಯಿಂದ ಮಾಡುವುದಾದರೆ ಅದರ ಹುಳಿ ಸಾಲದು, ರಸದಲ್ಲಿ ಮೂರರಲ್ಲಿ ಒಂದು ಪಾಲಾದರೂ ನಿಂಬೆರಸ ಸೇರಿಸಿಕೊಳ್ಳಿ.

ಲೋಹದ ರುಚಿಗೆ ಉತ್ತರ ತಮ್ಮ ಪ್ರಶ್ನೆಯಲ್ಲೇ ಇದೆ. ಇಷ್ಟು ಹುಳಿಯನ್ನು ಬಿಸಿಯಾಗಿ ಅಲ್ಯೂಮಿನಿಯಂ ಪಾತ್ರೆಯಲ್ಲಿಟ್ಟು ಕೈಯಾಡಿಸಿದರೆ ಲೋಹ ಸ್ವಲ್ಪ ಸ್ವಲ್ಪವೇ ಕರಗಿ ಬರುತ್ತದೆ, ಹಳದಿಯ ಬಣ್ಣವೂ ಮಾಸುತ್ತದೆ. ಹಿತ್ತಾಳೆ, ತಾಮ್ರವೂ ಬೇಡ. ಸ್ಟೀಲಿನದು ಅಥವಾ ಬಿಸಿ ತಡೆಯುವ ಗಾಜಿನ ಬಟ್ಟಲು ಆಗುತ್ತದೆ. ಬಟ್ಟಲ ತಳ ದುಂಡಗಿದ್ದರೆ ಒಳ್ಳೆಯದು, ಮೂಲೆಯಿರುವ ಪಾತ್ರೆಯಲ್ಲಿ ಸ್ಪ್ಯಾಚುಲಾ ತಲುಪದ ಜಾಗದಲ್ಲೇ ಮೊದಲ ಗಂಟು ಹುಟ್ಟುವುದು.

ಈಗ ಶಾಖದ ಮಾತಿಗೆ ಬರೋಣ. ಮೇಲೆ ಹೇಳಿದ ಅಳತೆಯಲ್ಲಿ ಕರ್ಡ್ 70 ದಾಟಿದ ಮೇಲೆ ದಪ್ಪಗಾಗತೊಡಗುತ್ತದೆ, 76ರಿಂದ 78 ಡಿಗ್ರಿಯಲ್ಲಿ ಹದಕ್ಕೆ ಬರುತ್ತದೆ. 80 ದಾಟಿದರೆ ಅಪಾಯದ ಕಡೆ ಸಾಗುತ್ತಿದ್ದೀರಿ ಎಂದೇ ತಿಳಿಯಬೇಕು. ಎಷ್ಟು ಬಿಸಿ ಎಂಬುದರಷ್ಟೇ ಎಷ್ಟು ವೇಗವಾಗಿ ಎಂಬುದೂ ಮುಖ್ಯ. ಪ್ರೋಟೀನು ಹೆಣೆದುಕೊಳ್ಳಲು ಸಮಯ ಬೇಕು. ನಿಧಾನವಾಗಿ ಕಾಯಿಸಿದರೆ ಕಡಿಮೆ ಬಿಸಿಯಲ್ಲೇ ದಪ್ಪಗಾಗಲು ಆರಂಭಿಸಿ, ಒಡೆಯುವ ಮಟ್ಟ ತಲುಪುವ ಮೊದಲು ನಮಗೆ ಸಾಕಷ್ಟು ನಿಮಿಷ ಸಿಗುತ್ತವೆ. ಜೋರು ಉರಿಯಲ್ಲಿಟ್ಟರೆ ದಪ್ಪವಾಗುವುದೇ ತಡವಾಗಿ, ಹೆಚ್ಚಿನ ಬಿಸಿಯಲ್ಲಿ ಶುರುವಾಗುತ್ತದೆ. ಆಹಾ, ಈಗ ಗಟ್ಟಿಯಾಯಿತು ಎನ್ನುವಷ್ಟರಲ್ಲಿ ಒಡೆದಿರುತ್ತದೆ. ಅದೂ ಅಲ್ಲದೆ ಗ್ಯಾಸಿನ ಜ್ವಾಲೆಯ ಮೇಲೆ ನೇರವಾಗಿಟ್ಟ ತೆಳು ಪಾತ್ರೆಯ ತಳ 100 ಡಿಗ್ರಿಯನ್ನೂ ಮೀರಬಲ್ಲದು. ಮೇಲಿನ ಮಿಶ್ರಣ 60ರಲ್ಲಿದ್ದರೂ ತಳಕ್ಕೆ ಅಂಟಿದ ತೆಳು ಪದರ ಬೆಂದು ಗಟ್ಟಿಯಾಗಿರುತ್ತದೆ, ಕೈಯಾಡಿಸಿದಂತೆ ಅದೇ ಚೂರುಚೂರಾಗಿ ಎಲ್ಲ ಕಡೆ ಸೇರುತ್ತದೆ. ತಮ್ಮ ಮೊದಲ ಸಲದ ಬುರ್ಜಿ ಆದದ್ದು ಹೀಗೆ.

ಆದ್ದರಿಂದ ಹಬೆಯ ಮೇಲಿಡುವುದೇ ಸರಿ. ಕೆಳಗಿನ ಪಾತ್ರೆಯಲ್ಲಿ ಎರಡು ಬೆರಳಷ್ಟು ನೀರು, ಅದು ಕೊತಕೊತ ಕುದಿಯದೆ ಸಣ್ಣ ಗುಳ್ಳೆಗಳಷ್ಟೇ ಏಳುವಂತೆ ಸಣ್ಣ ಉರಿ, ಮೇಲೆ ಇಡುವ ಬಟ್ಟಲ ತಳ ನೀರಿಗೆ ತಾಗದಿರುವಷ್ಟು ಅಂತರ. ಹಾಲು ಕಾಯಿಸುವ ಸೀಟಿಯ ಮಿಲ್ಕ್ ಕುಕ್ಕರಿನಲ್ಲಿ ಮಾಡಬಹುದೇ ಎಂದು ಕೆಲವರು ಕೇಳಿದ್ದುಂಟು. ಅದರ ಗೋಡೆಯ ಒಳಗೆ ನೀರೇ ಕುದಿಯುವುದರಿಂದ ಸುತ್ತ ಎಲ್ಲ ಕಡೆಯಿಂದಲೂ ಕುದಿನೀರಿನ ಬಿಸಿ ತಾಗುತ್ತದೆ, ಪಾತ್ರೆ ಕಿರಿದಾಗಿರುವುದರಿಂದ ಕೈಯಾಡಿಸಲು ಜಾಗವೂ ಸಾಲದು. ಬೇಡ.

ಥರ್ಮಾಮೀಟರ್ ಇದ್ದರೆ ಅದನ್ನು ಮೊದಲು ಪರೀಕ್ಷಿಸಿಕೊಳ್ಳಿ. ಸಾಮಾನ್ಯವಾಗಿ ಕುದಿಯುವ ನೀರಿನಲ್ಲಿಟ್ಟು 100 ತೋರಿಸುತ್ತದೆಯೇ ಎಂದು ನೋಡಲು ಹೇಳುತ್ತಾರೆ, ಆದರೆ ಅದು ಸಮುದ್ರ ಮಟ್ಟದ ಲೆಕ್ಕ. ಚಿಕ್ಕಮಗಳೂರು ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಸುಮಾರು ಮೂರೂವರೆ ಡಿಗ್ರಿ ಕಡಿಮೆಯಲ್ಲೇ, ಅಂದರೆ 96.5ರ ಹತ್ತಿರ ಕುದಿಯುತ್ತದೆ. ಹಾಸನದಲ್ಲೂ ಹೆಚ್ಚುಕಡಿಮೆ ಅಷ್ಟೇ. ಇಲ್ಲಿ 96.5 ತೋರಿಸಿದರೆ ಥರ್ಮಾಮೀಟರ್ ಸರಿಯಾಗಿದೆ, 100 ತೋರಿಸಿದರೆ ಅದು ಹೆಚ್ಚು ಹೇಳುತ್ತಿದೆ. ಕರ್ಡಿನ ಹದ ಎತ್ತರದಿಂದ ಬದಲಾಗುವುದಿಲ್ಲ, 77 ಎಲ್ಲಿದ್ದರೂ 77.

ಮಾಡುವ ಕ್ರಮವನ್ನು ಒಂದೊಂದಾಗಿ ಹೇಳುತ್ತೇನೆ. ಹಳದಿಯನ್ನು ಬೇರ್ಪಡಿಸುವಾಗ ಅದಕ್ಕೆ ಅಂಟಿಕೊಂಡ ಬಿಳಿಯ ದಾರದಂಥದನ್ನೂ ಉಳಿದ ಬಿಳಿ ಲೋಳೆಯನ್ನೂ ಆದಷ್ಟು ತೆಗೆಯಿರಿ. ಬಿಳಿ ಲೋಳೆಯ ಕೆಲವು ಪ್ರೋಟೀನುಗಳು ಹಳದಿಗಿಂತ ಮೊದಲೇ ಗಟ್ಟಿಯಾಗಿ ಬಿಳಿ ಚುಕ್ಕೆಗಳಾಗುತ್ತವೆ, ಮೊಟ್ಟೆಯ ವಾಸನೆ ಹೆಚ್ಚುವುದೂ ಅದರಿಂದಲೇ. ಸಿಪ್ಪೆಯ ತುರಿಯನ್ನು ಸಕ್ಕರೆಗೆ ಹಾಕಿ, ಸಕ್ಕರೆ ಒದ್ದೆಯಾದಂತೆ ಕಂಡು ಘಮ್ಮೆನ್ನುವವರೆಗೆ ಬೆರಳಿನಿಂದ ಉಜ್ಜಿ. ಬಟ್ಟಲಿನಲ್ಲಿ ಹಳದಿಗೆ ಈ ಸಕ್ಕರೆಯನ್ನು ಸುರಿದ ಕೂಡಲೇ ವಿಸ್ಕಿನಿಂದ ಕಲಸಲೇಬೇಕು. ಸಕ್ಕರೆಯನ್ನು ಹಳದಿಯ ಮೇಲೆ ಹಾಗೆಯೇ ಬಿಟ್ಟು ಬೇರೆ ಕೆಲಸಕ್ಕೆ ಹೋದರೆ ಅದು ಹಳದಿಯ ನೀರನ್ನು ಹೀರಿಕೊಂಡು ಗಟ್ಟಿ ಕಾಳುಗಳನ್ನು ಉಂಟುಮಾಡುತ್ತದೆ, ಅವು ಮುಂದೆ ಕರಗುವುದಿಲ್ಲ. ಸಕ್ಕರೆ ಬೆರೆತ ನಂತರ ರಸವನ್ನು ಸಣ್ಣ ಧಾರೆಯಾಗಿ ಸೇರಿಸಿ, ಚಿಟಿಕೆ ಉಪ್ಪು ಹಾಕಿ. ಈ ಅನುಕ್ರಮ ತಿರುಗುಮುರುಗಾಗದಿರಲಿ. ಸಕ್ಕರೆಯ ರಕ್ಷಣೆಯಿಲ್ಲದ ಹಳದಿಗೆ ರಸ ಒಮ್ಮೆಲೇ ಬಿದ್ದರೆ ತಾಗಿದ ಜಾಗದಲ್ಲಿ ಒಲೆಗೂ ಮೊದಲೇ ಸಣ್ಣ ಗಂಟಾಗಬಹುದು.

ಬಟ್ಟಲನ್ನು ಹಬೆಯ ಮೇಲಿಟ್ಟ ಮೇಲೆ ವಿಸ್ಕನ್ನು ಬದಿಗಿಟ್ಟು ಸ್ಪ್ಯಾಚುಲಾ ಹಿಡಿಯಿರಿ, ತಳ ಮತ್ತು ಬದಿಗಳನ್ನು ಸವರುತ್ತ ನಿಲ್ಲಿಸದೆ ಕೈಯಾಡಿಸಿ. ಮೊದಲ ಕೆಲವು ನಿಮಿಷ ಏನೂ ಆಗುತ್ತಿಲ್ಲವೆಂದೇ ಅನ್ನಿಸುತ್ತದೆ. ತಾವು ಎರಡನೇ ಸಲ ಇಳಿಸಿದ್ದು ಬಹುಶಃ ಇದೇ ಘಟ್ಟದಲ್ಲಿ. ಈ ಹೊತ್ತಿನಲ್ಲಿ ಮಿಶ್ರಣದ ಮೇಲ್ಭಾಗವನ್ನು ಗಮನಿಸುತ್ತಿರಿ. ಕಲಸುವಾಗ ಎದ್ದ ತಿಳಿ ನೊರೆ ಇಡೀ ಮೇಲ್ಮೈಯನ್ನು ಮುಚ್ಚಿರುತ್ತದೆ. ಬಿಸಿ 70ರ ಕಡೆ ಸಾಗಿದಂತೆ ಆ ನೊರೆ ಅಂಚಿಗೆ ಸರಿದು ಕರಗತೊಡಗುತ್ತದೆ, ಕೆಳಗಿನಿಂದ ಹೊಳಪಿನ ಗಾಢ ಹಳದಿ ಕಾಣಿಸುತ್ತದೆ, ಸ್ಪ್ಯಾಚುಲಾ ಎಳೆದ ಹಾದಿಯಲ್ಲಿ ಬಟ್ಟಲ ತಳ ಒಂದು ಕ್ಷಣ ಕಂಡು ಮುಚ್ಚಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಕಣ್ಣು ಆಚೀಚೆ ಹೋಗಬಾರದು. ನೊರೆ ಪೂರ್ತಿ ಮಾಯವಾಗಿ, ಸ್ಪ್ಯಾಚುಲಾದ ಹಿಂಭಾಗಕ್ಕೆ ಮಂದವಾಗಿ ಅಂಟಿ, ಅದರ ಮೇಲೆ ಬೆರಳಿನಿಂದ ಎಳೆದ ಗೆರೆ ಕೂಡಿಕೊಳ್ಳದೆ ನಿಂತರೆ ಹದ ಬಂದಿದೆ. ಥರ್ಮಾಮೀಟರಿನಲ್ಲಿ ಅದು 76, 77. ಇಷ್ಟಕ್ಕೆ ಸಾಧಾರಣವಾಗಿ ಎಂಟರಿಂದ ಹನ್ನೆರಡು ನಿಮಿಷ ಹಿಡಿಯುತ್ತದೆ. ಮೂರು ನಾಲ್ಕು ನಿಮಿಷಕ್ಕೇ ಆಯಿತೆಂದರೆ ಕೆಳಗಿನ ಉರಿ ಹೆಚ್ಚಾಗಿದೆ ಎಂದರ್ಥ. ಮೊಟ್ಟೆಯಲ್ಲಿರಬಹುದಾದ ಸಾಲ್ಮೊನೆಲ್ಲಾ ಸೂಕ್ಷ್ಮಾಣುವಿನ ದೃಷ್ಟಿಯಿಂದ 71 ಡಿಗ್ರಿ ದಾಟಬೇಕೆನ್ನುವ ನಿಯಮವೂ ಇಷ್ಟರಲ್ಲಿ ಪಾಲನೆಯಾಗಿರುತ್ತದೆ, ಹಾಗಾಗಿ ತಮ್ಮ ಎರಡನೇ ಸಲದ ಕರ್ಡನ್ನು ಗಿರಾಕಿಗಳಿಗೆ ಕೊಡದಿದ್ದರೆ ಒಳ್ಳೆಯದು.

ಹದ ಬಂದ ತಕ್ಷಣ ಬಟ್ಟಲನ್ನು ಹಬೆಯಿಂದ ಕೆಳಗಿಳಿಸಿ. ಬಿಸಿಯಾದ ಬಟ್ಟಲು ಇನ್ನೂ ಒಂದೆರಡು ಡಿಗ್ರಿ ಏರಿಸುತ್ತದೆ, ಅದನ್ನು ತಡೆಯಲು ಕೂಡಲೇ ಸೋಸುವ ಜಾಲರಿಯ ಮೂಲಕ ತಣ್ಣನೆಯ ಇನ್ನೊಂದು ಬಟ್ಟಲಿಗೆ ಇಳಿಸಿಕೊಳ್ಳಿ. ತುರಿಯೂ, ಉಳಿದಿದ್ದರೆ ಬಿಳಿಯ ದಾರವೂ ಜಾಲರಿಯಲ್ಲೇ ನಿಲ್ಲುತ್ತವೆ. ಫ್ರಿಜ್‌ನಿಂದ ತೆಗೆದ ಬೆಣ್ಣೆಯ ಸಣ್ಣ ತುಂಡುಗಳನ್ನು ಮೂರು ನಾಲ್ಕು ಸಲವಾಗಿ ಹಾಕಿ, ಒಂದು ಕರಗಿ ಬೆರೆತ ಮೇಲೆ ಇನ್ನೊಂದು ಎಂಬಂತೆ ಕಲಸಿ. ತಣ್ಣನೆಯ ಬೆಣ್ಣೆ ಬೇಯುವುದನ್ನು ಅಲ್ಲಿಗೇ ನಿಲ್ಲಿಸುತ್ತದೆ. ಹಳದಿಯಲ್ಲಿರುವ ಲೆಸಿಥಿನ್ ಆ ಕೊಬ್ಬನ್ನು ಸಣ್ಣ ಹನಿಗಳಾಗಿ ಹಿಡಿದಿಡುತ್ತದೆ, ತಣ್ಣಗಾದಾಗ ಆ ಹನಿಗಳು ಗಟ್ಟಿಯಾಗಿ ಕರ್ಡಿಗೆ ಮೈ ಬರುತ್ತದೆ. ಮನೆಯಲ್ಲಿ ಕಡೆದ ಬೆಣ್ಣೆಯೂ ಆಗುತ್ತದೆ, ಆದರೆ ಅದರೊಳಗಿನ ಮಜ್ಜಿಗೆ ಹೋಗುವವರೆಗೆ ತಣ್ಣೀರಿನಲ್ಲಿ ಚೆನ್ನಾಗಿ ತೊಳೆದಿರಬೇಕು. ತುಪ್ಪ ಹಾಕಬೇಡಿ, ಫ್ರಿಜ್‌ನಲ್ಲಿ ಅದು ಕಾಳುಕಾಳಾಗಿ ಹೆಪ್ಪುಗಟ್ಟುವುದು ನಾಲಿಗೆಗೆ ತಿಳಿಯುತ್ತದೆ.

ಬಿಸಿಯಿರುವಾಗ ಕರ್ಡ್ ಸುರಿಯುವಷ್ಟು ಸಡಿಲವಾಗಿಯೇ ಇರುತ್ತದೆ, ಅದನ್ನು ಕಂಡು ಗಾಬರಿಯಾಗಿ ಮತ್ತೆ ಒಲೆಗೆ ಇಡಬೇಡಿ. ಮೇಲೆ ಕೆನೆಯಂಥ ಪೊರೆ ಕಟ್ಟದಂತೆ ಪ್ಲಾಸ್ಟಿಕ್ ಹಾಳೆಯನ್ನು ಕರ್ಡಿಗೇ ತಾಗುವಂತೆ ಹೊದಿಸಿ, ತಣಿದ ಮೇಲೆ ಫ್ರಿಜ್‌ನಲ್ಲಿಟ್ಟು ಮರುದಿನ ನೋಡಿ ತೀರ್ಮಾನಿಸಿ. ಮರುದಿನವೂ ಚಮಚದಿಂದ ಹರಿದು ಹೋಗುತ್ತಿದ್ದರೆ ಬಿಸಿ ಸಾಲದೆ ಹೋಗಿದೆ. ಮತ್ತೆ ಹಬೆಯ ಮೇಲಿಟ್ಟು, ಇನ್ನಷ್ಟು ನಿಧಾನವಾಗಿ 77ಕ್ಕೆ ತರಬಹುದು. ಸ್ವಲ್ಪವೇ ತರಿತರಿಯಾಗಿದ್ದರೆ ಬಿಸಿಯಿರುವಾಗಲೇ ಮಿಕ್ಸಿಯಲ್ಲಿ ಒಮ್ಮೆ ತಿರುಗಿಸಿ ಸೋಸಿದರೆ ನುಣುಪು ಬಹುಮಟ್ಟಿಗೆ ಮರಳುತ್ತದೆ. ಆದರೆ ಗಂಟೂ ನೀರೂ ಬೇರೆಬೇರೆಯಾಗಿ ಮೊಟ್ಟೆಯ ವಾಸನೆ ಎದ್ದಿದ್ದರೆ ಅದನ್ನು ಸರಿಪಡಿಸುವ ದಾರಿಯಿಲ್ಲ, ಬಿಗಿದ ಪ್ರೋಟೀನನ್ನು ಯಾವ ಮಿಕ್ಸಿಯೂ ಬಿಚ್ಚಲಾರದು. ಒಡೆಯುವ ಭಯಕ್ಕೆ ಕಾರ್ನ್‌ಫ್ಲೋರ್ ಸೇರಿಸುವ ಪದ್ಧತಿ ಇದೆ, ಅದು ಪ್ರೋಟೀನುಗಳ ನಡುವೆ ನಿಂತು ಗಂಟಾಗುವುದನ್ನು ತಡೆಯುವುದೂ ನಿಜ. ಆದರೆ ಅದು ಬೇಯಲು ಕುದಿ ಬರಬೇಕು, ಬಾಯಲ್ಲಿ ಉಳಿಯುವುದು ಗಂಜಿಯ ಮಂದತನ. ಅಳತೆ ಮತ್ತು ಉರಿ ಸರಿಯಿದ್ದರೆ ಅದರ ಅಗತ್ಯವಿಲ್ಲ.

ಇಷ್ಟು ಅಳತೆಗೆ ಸುಮಾರು 300 ಗ್ರಾಂ ಕರ್ಡ್ ಬರುತ್ತದೆ. ಬಿಸಿನೀರಿನಲ್ಲಿ ಕುದಿಸಿ ಒಣಗಿಸಿದ ಗಾಜಿನ ಬಾಟಲಿಯಲ್ಲಿ, ಫ್ರಿಜ್‌ನ ಒಳಭಾಗದಲ್ಲಿಟ್ಟರೆ ಒಂದು ವಾರ ನಿಶ್ಚಿಂತೆಯಿಂದ ಬಳಸಬಹುದು. ಉಪ್ಪಿನಕಾಯಿಯಂತೆ ಹುಳಿಯಿದೆಯಲ್ಲ ಎಂದು ಹೊರಗಿಡುವಂತಿಲ್ಲ, ಇದರಲ್ಲಿ ಮೊಟ್ಟೆಯೂ ಬೆಣ್ಣೆಯೂ ಇವೆ. ಮಳೆಗಾಲದಲ್ಲಿ ಮೂಡಿಗೆರೆ ಕಡೆ ಕರೆಂಟು ದಿನಗಟ್ಟಲೆ ಹೋಗುವುದುಂಟು, ಆಗ ಆರ್ಡರಿಗೆ ಬೇಕಾದಷ್ಟನ್ನು ಮಾತ್ರ ಮಾಡಿಕೊಳ್ಳಿ. ದೊಡ್ಡ ಆರ್ಡರ್ ಬಂದು ಅಳತೆಯನ್ನು ಎರಡರಷ್ಟು ಮಾಡುವುದಾದರೆ ಎಲ್ಲವನ್ನೂ ಅದೇ ಪ್ರಮಾಣದಲ್ಲಿ ಹೆಚ್ಚಿಸಿ, ಬಟ್ಟಲು ಅಗಲವಾಗಿರಲಿ, ಉರಿ ಮಾತ್ರ ಮೊದಲಿನಷ್ಟೇ ಸಣ್ಣದಿರಲಿ. ಸಮಯ ಇಪ್ಪತ್ತು ನಿಮಿಷದವರೆಗೆ ಹಿಗ್ಗಬಹುದು, ಇಳಿಸಬೇಕಾದ ಬಿಸಿ ಆಗಲೂ 77 ಡಿಗ್ರಿಯೇ.